ಗ್ಯಾರಂಟಿ ಮುಗಿದರೂ ಎಫ್‌ಡಿ ಯಾಕೆ ಬಿಡುತ್ತಿಲ್ಲ?

ಇಲಾಖೆ ಕೊಡುವ ಬ್ಯಾಂಕ್ ಗ್ಯಾರಂಟಿ ಫಾರ್ಮ್ಯಾಟ್ ಪೂರ್ತಿ ಇಂಗ್ಲಿಷ್‌ನಲ್ಲಿರುತ್ತದೆ. ಹೆಚ್ಚಿನ ಗುತ್ತಿಗೆದಾರರು ಮೊತ್ತ ಮತ್ತು ಕಾಮಗಾರಿಯ ಹೆಸರು ಸರಿ ಇದೆಯಾ ನೋಡಿ ಬ್ಯಾಂಕಿಗೆ ಕೊಟ್ಟುಬಿಡುತ್ತಾರೆ. ನಾನಾದರೆ ಕೊನೆಯ ಪ್ಯಾರಾದಿಂದ ಓದಲು ಶುರು ಮಾಡುತ್ತೇನೆ. ಸಾಮಾನ್ಯವಾಗಿ ಅದು 'ನಾಟ್‌ವಿತ್‌ಸ್ಟ್ಯಾಂಡಿಂಗ್ ಎನಿಥಿಂಗ್ ಕಂಟೇನ್ಡ್ ಹಿಯರಿನ್' ಎಂದು ಶುರುವಾಗುತ್ತದೆ. ಮೇಲೆ ಏನೇ ಬರೆದಿದ್ದರೂ ಕೊನೆಗೆ ನಡೆಯುವುದು ಈ ಪ್ಯಾರಾದ ಮಾತು.

ಅದರಲ್ಲಿ ಮೂರು ವಿಷಯ ಇರುತ್ತವೆ. ಬ್ಯಾಂಕ್ ಗರಿಷ್ಠ ಎಷ್ಟು ಕೊಡುತ್ತದೆ, ಗ್ಯಾರಂಟಿ ಯಾವ ದಿನದವರೆಗೆ ಚಾಲ್ತಿಯಲ್ಲಿದೆ, ಹಣ ಕೇಳುವ ಪತ್ರ ಯಾವ ದಿನದೊಳಗೆ ಬ್ಯಾಂಕಿಗೆ ತಲುಪಬೇಕು. ಎರಡನೆಯದು ವ್ಯಾಲಿಡಿಟಿ, ಮೂರನೆಯದು ಕ್ಲೇಮ್ ಪೀರಿಯಡ್. ತಲೆಬಿಸಿ ಶುರುವಾಗುವುದು ಈ ಎರಡು ತಾರೀಖು ಬೇರೆ ಬೇರೆ ಇದ್ದಾಗ.

ಒಂದು ಉದಾಹರಣೆ ನೋಡೋಣ. 5 ಲಕ್ಷದ ಪರ್ಫಾರ್ಮೆನ್ಸ್ ಗ್ಯಾರಂಟಿ. ವ್ಯಾಲಿಡಿಟಿ 2026ರ ಸೆಪ್ಟೆಂಬರ್ 30ರವರೆಗೆ, ಕ್ಲೇಮ್ ಡಿಸೆಂಬರ್ 31ರವರೆಗೆ. ಸೆಪ್ಟೆಂಬರ್ 20ಕ್ಕೆ ಗೋಡೆ ಬಿರುಕು ಬಿಟ್ಟಿತು, ನೀವು ರಿಪೇರಿ ಮಾಡಲಿಲ್ಲ ಅಂದುಕೊಳ್ಳಿ. ಇಲಾಖೆ ನವೆಂಬರ್ 10ಕ್ಕೆ ಬ್ಯಾಂಕಿಗೆ ಪತ್ರ ಕೊಟ್ಟರೂ ಅದು ನಡೆಯುತ್ತದೆ. ತಪ್ಪು ನಡೆದದ್ದು ವ್ಯಾಲಿಡಿಟಿಯೊಳಗೆ, ಪತ್ರ ಬಂದದ್ದು ಕ್ಲೇಮ್ ಅವಧಿಯೊಳಗೆ. ಜನವರಿ 2ಕ್ಕೆ ತಲುಪಿದರೆ ಬ್ಯಾಂಕ್ ವಾಪಸ್ ಕಳಿಸುತ್ತದೆ. ಪತ್ರದ ಮೇಲೆ ಡಿಸೆಂಬರ್ 30 ಅಂತ ತಾರೀಖು ಹಾಕಿದ್ದರೂ ಅಷ್ಟೆ. ಹೆಚ್ಚಿನ ಫಾರ್ಮ್ಯಾಟ್‌ಗಳು ಲೆಕ್ಕಕ್ಕೆ ಹಿಡಿಯುವುದು ತಲುಪಿದ ದಿನವನ್ನು.

ಅಂದರೆ ಸೆಪ್ಟೆಂಬರ್ 30 ದಾಟಿದ ಮಾತ್ರಕ್ಕೆ ನೀವು ಪಾರಾಗಲಿಲ್ಲ. ಡಿಸೆಂಬರ್ ಮುಗಿಯುವವರೆಗೆ ಬ್ಯಾಂಕಿನ ತಲೆಮೇಲೆ ಹೊಣೆ ಇದೆ. ಅದಕ್ಕೇ ಮಾರ್ಜಿನ್‌ಗೆ ಇಟ್ಟ ಎಫ್‌ಡಿ ಅಲ್ಲಿಯವರೆಗೆ ಬಿಡುವುದಿಲ್ಲ, ಸಾಮಾನ್ಯವಾಗಿ ಕಮಿಷನ್ನೂ ಕ್ಲೇಮ್ ಅವಧಿ ಸೇರಿಸಿಯೇ ಹಾಕುತ್ತಾರೆ.

ಕ್ಲೇಮ್ ಪೀರಿಯಡ್ ಕನಿಷ್ಠ ಒಂದು ವರ್ಷ ಇರಲೇಬೇಕು ಎಂದು ಬ್ಯಾಂಕಿನವರು ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. ಆ ಒಂದು ವರ್ಷದ ಮಾತು ಬಂದದ್ದು ಕಾಂಟ್ರ್ಯಾಕ್ಟ್ ಆ್ಯಕ್ಟ್‌ನ 28ನೇ ಸೆಕ್ಷನ್‌ನ ಮೂರನೇ ವಿನಾಯಿತಿಯಿಂದ. ಅದು 2013ರ ಜನವರಿಯಲ್ಲಿ ಜಾರಿಗೆ ಬಂತು. ಅದು ಇರುವುದು ಗ್ಯಾರಂಟಿಯ ಹಕ್ಕಿಗಾಗಿ ಕೋರ್ಟಿಗೆ ಹೋಗುವ ಕಾಲಾವಕಾಶದ ಬಗ್ಗೆ. ಬ್ಯಾಂಕಿಗೆ ಪತ್ರ ಕೊಡುವ ಅವಧಿಯೇ ಒಂದು ವರ್ಷ ಇರಬೇಕು ಎಂದು ಅದರ ಅರ್ಥವಲ್ಲ ಎಂದು ದೆಹಲಿ ಹೈಕೋರ್ಟ್ 2021ರಲ್ಲಿ ಎಲ್ ಆ್ಯಂಡ್ ಟಿ ಪ್ರಕರಣದಲ್ಲಿ ಹೇಳಿದೆ. ಟೆಂಡರ್‌ನಲ್ಲಿ ಇಲಾಖೆ ಮೂರೇ ತಿಂಗಳು ಕೇಳಿದ್ದರೆ, ಆ ತೀರ್ಪಿನ ಹೆಸರು ಹೇಳಿ ಮ್ಯಾನೇಜರ್ ಹತ್ತಿರ ಮಾತಾಡಬಹುದು. ಒಂಬತ್ತು ತಿಂಗಳ ಕಮಿಷನ್ ಉಳಿಯುವ ವಿಷಯ, ಅಲ್ವಾ?

ಇನ್ನು ಇನ್ವೋಕೇಶನ್, ಅಂದರೆ ಗ್ಯಾರಂಟಿ ಹಣ ಕೇಳುವುದು. ನಡುವಿನ ಪ್ಯಾರಾಗಳಲ್ಲಿ 'ವಿದೌಟ್ ಎನಿ ಡಿಮರ್' ಮತ್ತು 'ಮಿಯರ್ಲಿ ಆನ್ ಎ ಡಿಮ್ಯಾಂಡ್' ಎಂಬ ಮಾತುಗಳನ್ನು ಹುಡುಕಿ. ತಕರಾರಿಲ್ಲದೆ, ಕೇಳಿದ ಮಾತ್ರಕ್ಕೇ ಹಣ ಕೊಡುತ್ತೇವೆ ಎಂದು ಅವುಗಳ ಅರ್ಥ. ಅವು ಇದ್ದರೆ ತಪ್ಪು ಯಾರದ್ದು ಎಂದು ಬ್ಯಾಂಕ್ ವಿಚಾರಿಸುವುದಿಲ್ಲ. ನಿಮ್ಮನ್ನು ಕೇಳಬೇಕಾಗಿಯೂ ಇಲ್ಲ. ಪತ್ರವನ್ನು ಮಾತ್ರ ನೋಡುತ್ತದೆ: ಕಳಿಸಿದ್ದು ಗ್ಯಾರಂಟಿ ಪಡೆದ ಇಲಾಖೆಯೇನಾ, ಸಹಿ ಮಾಡಿದವರಿಗೆ ಅಧಿಕಾರ ಇದೆಯಾ, ಸರಿಯಾದ ಶಾಖೆಗೆ ಬಂದಿದೆಯಾ, ತಾರೀಖು ಮೀರಿಲ್ಲವಾ, ಫಾರ್ಮ್ಯಾಟ್ ಕೇಳಿದ ಮಾತುಗಳು ಪತ್ರದಲ್ಲಿ ಇವೆಯಾ. 'ಗುತ್ತಿಗೆದಾರ ಷರತ್ತು ಮುರಿದಿದ್ದಾನೆ ಎಂದು ತಿಳಿಸಿ' ಎಂದು ಫಾರ್ಮ್ಯಾಟ್ ಹೇಳಿದ್ದರೆ ಪತ್ರದಲ್ಲಿ ಆ ಮಾತು ಇರಬೇಕು. ಇಲ್ಲದ ಪತ್ರವನ್ನು ಬ್ಯಾಂಕ್ ತಿರಸ್ಕರಿಸಬಹುದು. ಆದರೆ ಅವಧಿ ಉಳಿದಿದ್ದರೆ ಇಲಾಖೆ ಸರಿಪಡಿಸಿ ಮತ್ತೆ ಕೊಡುತ್ತದೆ. ಅದನ್ನೇ ನಂಬಿ ಕೂರಬೇಡಿ.

ಬ್ಯಾಂಕ್ ಕೊಟ್ಟ ಹಣ ನಿಮ್ಮ ಎಫ್‌ಡಿ, ಖಾತೆಯಿಂದಲೇ ವಸೂಲಾಗುತ್ತದೆ. ಅದಕ್ಕೆ ನೀವು ಮೊದಲೇ ಕೌಂಟರ್ ಗ್ಯಾರಂಟಿಗೆ ಸಹಿ ಹಾಕಿರುತ್ತೀರಿ. ಕೋರ್ಟ್‌ನಿಂದ ತಡೆಯಾಜ್ಞೆ ಸಿಗುವುದು ತೀರಾ ಕಷ್ಟ. ಗಂಭೀರ ಮೋಸ ನಡೆದಿದೆ, ಅಥವಾ ಹೋದ ಹಣ ಮತ್ತೆ ಸಿಗದಂಥ ಅನ್ಯಾಯ ಆಗುತ್ತದೆ ಎಂದು ತೋರಿಸಬೇಕು. ಇಲಾಖೆ ಬಿಲ್ ಬಾಕಿ ಉಳಿಸಿಕೊಂಡಿದೆ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಆ ಜಗಳ ಮಧ್ಯಸ್ಥಿಕೆಗೆ ಅಥವಾ ದಾವೆಗೆ ಬೇರೆಯಾಗಿ ಹೋಗಬೇಕು.

ನಾನು ಜಾಸ್ತಿ ನೋಡುವ ಇನ್ವೋಕೇಶನ್ ಪತ್ರದಲ್ಲಿ ತಪ್ಪಿನ ಮಾತು ಮುಖ್ಯ ಅಲ್ಲವೇ ಅಲ್ಲ. 'ಅವಧಿ ವಿಸ್ತರಿಸಿ, ಇಲ್ಲದಿದ್ದರೆ ಹಣ ಕೊಡಿ' ಎಂದಷ್ಟೇ ಇರುತ್ತದೆ. ಕಾಮಗಾರಿಗೆ ಹೆಚ್ಚುವರಿ ಸಮಯ ಸಿಕ್ಕಿದೆ, ಗ್ಯಾರಂಟಿ ಮಾತ್ರ ಹಳೇ ತಾರೀಖಿನಲ್ಲೇ ನಿಂತಿದೆ. ಸಮಯ ವಿಸ್ತರಣೆಯ ಆದೇಶ ಕೈಗೆ ಬಂದ ವಾರವೇ ಗ್ಯಾರಂಟಿ ವಿಸ್ತರಣೆಗೂ ಬ್ಯಾಂಕಿಗೆ ಅರ್ಜಿ ಕೊಡಿ. ಕೆಲಸ ಪೂರ್ತಿ ಮುಗಿದಿದ್ದರೆ, ಮೂಲ ಗ್ಯಾರಂಟಿಯ ಜೊತೆ ಇಲಾಖೆಯ ಬಿಡುಗಡೆ ಪತ್ರ ತಂದುಕೊಡಿ. ಆಗ ಎಫ್‌ಡಿಗಾಗಿ ಡಿಸೆಂಬರ್ 31ರವರೆಗೆ ಕಾಯಬೇಕಾಗಿಲ್ಲ.