ಬೈತಲೆಯ ಬಿಳಿಗೆರೆ

ಕೂದಲಿಗೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀವಕೋಶಗಳು ಕೂದಲಿನ ಬುಡದಲ್ಲಿರುತ್ತವೆ. ಅವುಗಳನ್ನು ಮತ್ತೆ ಮತ್ತೆ ಹುಟ್ಟಿಸುವ ಆಕರಕೋಶಗಳ ದಾಸ್ತಾನು ವಯಸ್ಸಾದಂತೆ ಬರಿದಾದಾಗ ಹೊಸ ಕೂದಲು ಬಿಳಿಯಾಗಿಯೇ ಹೊರಬರುತ್ತದೆ. ಈ ಕ್ರಿಯೆ ಹೆಣ್ಣಿಗೂ ಗಂಡಿಗೂ ಒಂದೇ. ಆದರೆ ಐವತ್ತರ ಗಂಡಸಿನ ನರೆ ಅನುಭವದ ಗುರುತಾಗುತ್ತದೆ, ಅದೇ ವಯಸ್ಸಿನ ಹೆಂಗಸಿನದು ಅಲಕ್ಷ್ಯದ ಗುರುತಾಗುತ್ತದೆ.

ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬಣ್ಣ ಹಚ್ಚಿಕೊಂಡ ಎರಡನೇ ವಾರಕ್ಕೇ ಬೈತಲೆಯಲ್ಲಿ ಬಿಳಿಗೆರೆ ಇಣುಕುವುದು ಇದರಿಂದಲೇ. ನಲವತ್ತೈದಕ್ಕೆ ಆರಂಭಿಸಿ ಅರವತ್ತರವರೆಗೆ ನಾಲ್ಕು ವಾರಕ್ಕೊಮ್ಮೆ ಹಚ್ಚಿಕೊಂಡರೆ ಲೆಕ್ಕ 195 ಬಾರಿಗೆ ಬರುತ್ತದೆ. ಬೇಡವೆಂದು ನಿಲ್ಲಿಸುವುದೂ ಸುಲಭವಲ್ಲ: ಮೂವತ್ತು ಸೆಂಟಿಮೀಟರ್ ಉದ್ದದ ಕೂದಲಿನಲ್ಲಿ ಹಳೆಯ ಬಣ್ಣ ಪೂರ್ತಿ ಹೋಗಲು ಎರಡೂವರೆ ವರ್ಷ ಬೇಕು. ಅಷ್ಟೂ ಕಾಲ ತಲೆ ಎರಡು ಬಣ್ಣದ್ದಾಗಿರುತ್ತದೆ, ಮಾತುಗಳು ಬರುವುದೂ ಆಗಲೇ. ಕಚೇರಿಯಲ್ಲಿ "ಮೈಗೆ ಹುಷಾರಿಲ್ಲವೇ ಮೇಡಂ?" ಎಂದು ವಿಚಾರಿಸುತ್ತಾರೆ. ಮನೆಯಲ್ಲಿ ಮಗಳು, "ಅಮ್ಮಾ, ಶಾಲೆಗೆ ಬರುವಾಗ ಡೈ ಹಚ್ಚಿಕೊಂಡು ಬಾ, ಎಲ್ಲರೂ ಅಜ್ಜಿ ಅಂದುಕೊಳ್ಳುತ್ತಾರೆ" ಎನ್ನುತ್ತಾಳೆ. ಪಕ್ಕದಲ್ಲೇ ನಿಂತ ಅಪ್ಪನ ತಲೆಯೂ ಬೆಳ್ಳಗಾಗಿರಬಹುದು. ಆ ಕಡೆ ಯಾರ ಗಮನವೂ ಹೋಗುವುದಿಲ್ಲ.

ದೇಹವೇ ನಿಲ್ಲಿಸಲು ಹೇಳುವುದೂ ಉಂಟು. ಬಹುತೇಕ ಶಾಶ್ವತ ಗಾಢ ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ವರ್ಷಗಟ್ಟಲೆ ಏನೂ ಮಾಡದೆ ಇದ್ದು, ಒಂದು ದಿನ ಅಲರ್ಜಿ ತರಬಹುದು. ಹಚ್ಚಿಕೊಂಡ ಒಂದೆರಡು ದಿನಗಳ ಮೇಲೆ ಹಣೆಯಂಚು, ಕಿವಿ, ರೆಪ್ಪೆಗಳಲ್ಲಿ ತುರಿಕೆ ಮತ್ತು ಊತ ಕಾಣಿಸುತ್ತದೆ. ತಡವಾಗಿ ಬರುವುದರಿಂದ ಅನೇಕರು ಇದನ್ನು ಬಣ್ಣಕ್ಕೆ ತಳಕು ಹಾಕುವುದೇ ಇಲ್ಲ, ಮುಂದಿನ ತಿಂಗಳು ಮತ್ತೆ ಹಚ್ಚಿಕೊಳ್ಳುತ್ತಾರೆ. ಪ್ರತಿಕ್ರಿಯೆ ಹಿಂದಿನದಕ್ಕಿಂತ ಜೋರಾಗಬಹುದು.

ಇಷ್ಟಾದರೂ ಹಚ್ಚಿಕೊಳ್ಳುವುದು ಬರೀ ಅಲಂಕಾರದ ಆಸೆಗೆ ಎನ್ನುವಂತಿಲ್ಲ, ಕೆಲಸದ ಭಯಕ್ಕೆ ಆಧಾರವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ನ್ಯೂಮಾರ್ಕ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ನಲವತ್ತು ಸಾವಿರಕ್ಕೂ ಹೆಚ್ಚು ಕಾಲ್ಪನಿಕ ಅರ್ಜಿಗಳನ್ನು ನಿಜವಾದ ಉದ್ಯೋಗಗಳಿಗೆ ಕಳುಹಿಸಿದ್ದರು. ಕಚೇರಿ ಸಹಾಯಕಿಯ ಹುದ್ದೆಗೆ ಮೂವತ್ತರ ಆಸುಪಾಸಿನ ಹೆಂಗಸರಿಗೆ ಶೇ. 14.4ರಷ್ಟು ಕರೆ ಬಂದರೆ, ಐವತ್ತರ ಆಸುಪಾಸಿನವರಿಗೆ ಶೇ. 10.3, ಅರವತ್ತೈದರ ಆಸುಪಾಸಿನವರಿಗೆ ಶೇ. 7.6 ಬಂತು. ಗಂಡಸರ ವಿಷಯದಲ್ಲಿ ತಾರತಮ್ಯದ ಪುರಾವೆ ಇಷ್ಟು ಸ್ಪಷ್ಟವಾಗಿರಲಿಲ್ಲ.

ಗಮನಿಸಬೇಕಾದದ್ದೆಂದರೆ, ಉದ್ಯೋಗದಾತರು ಇಲ್ಲಿ ಯಾರ ಮುಖವನ್ನೂ ನೋಡಿರಲಿಲ್ಲ. ಓದು ಮುಗಿಸಿದ ವರ್ಷದಿಂದಲೇ ವಯಸ್ಸು ಊಹಿಸಿದ್ದರು. ಆ ಇಸವಿಯನ್ನು ಯಾವ ಡೈಯೂ ಮುಚ್ಚಲಾರದು. ಹಾಗೆಂದು ಬಣ್ಣ ಹಚ್ಚುವುದು ವ್ಯರ್ಥವೆಂದು ಈ ಅಧ್ಯಯನದಿಂದ ತೀರ್ಮಾನಿಸಲೂ ಆಗದು. ಬಣ್ಣ ಲೆಕ್ಕಕ್ಕೆ ಬರುವುದು ಎದುರುಬದುರು ಕುಳಿತ ಮೇಲೆ, ಈ ಅರ್ಜಿದಾರರಲ್ಲಿ ಒಬ್ಬರೂ ಸಂದರ್ಶನದ ಕೋಣೆಯವರೆಗೆ ಹೋದವರಲ್ಲ.