ಸಹೋದ್ಯೋಗಿಯ ಪ್ರಸ್ತಾವನೆಗೆ ‘ಆಗುವುದಿಲ್ಲ’ ಎಂದು ಬರೆಯುವುದು ಹೇಗೆ?

ಓದುಗರ ಪ್ರಶ್ನೆ: ಗ್ರಾಹಕ ಸೇವಾ ವಿಭಾಗದಲ್ಲಿ ಆರು ಜನರ ತಂಡವನ್ನು ನೋಡಿಕೊಳ್ಳುತ್ತೇನೆ. ಬರುವ ಪ್ರತಿ ದೂರಿಗೂ ಈಗ 24 ಗಂಟೆಯೊಳಗೆ ಉತ್ತರ ಕೊಡುತ್ತೇವೆ. ಅದನ್ನು 4 ಗಂಟೆಗೆ ಇಳಿಸಬೇಕು ಎಂದು ಮಾರಾಟ ವಿಭಾಗದ ಸಹೋದ್ಯೋಗಿಯೊಬ್ಬರು ಪ್ರಸ್ತಾವನೆ ಕಳಿಸಿದ್ದಾರೆ. ಇಬ್ಬರ ಮ್ಯಾನೇಜರ್‌ಗಳನ್ನೂ ಸಿಸಿಯಲ್ಲಿ ಇಟ್ಟಿದ್ದಾರೆ. ನನಗೆ ಇದನ್ನು ಒಪ್ಪಲು ಸಾಧ್ಯವೇ ಇಲ್ಲ. ಉತ್ತರ ಬರೆದಿಟ್ಟಿದ್ದೇನೆ, ಆದರೆ ಓದಿದರೆ ನನಗೇ ಖಾರ ಅನ್ನಿಸುತ್ತಿದೆ. ದಿನ ಬೆಳಗಾದರೆ ಅವರ ಜೊತೆ ಕೆಲಸ ಮಾಡಬೇಕು. ಇದನ್ನು ಹೇಗೆ ತಿದ್ದಲಿ?

ಅವರು ಬರೆದಿಟ್ಟ ಉತ್ತರ ಇದು:

> ನಿಮ್ಮ ಪ್ರಸ್ತಾವನೆ ನೋಡಿದೆ. ಇದು ಆಗುವ ಕೆಲಸವಲ್ಲ. ನಮ್ಮ ತಂಡದ ಮೇಲಿರುವ ಹೊರೆ ನಿಮಗೆ ಗೊತ್ತಿದ್ದಂತಿಲ್ಲ. ಆರು ಜನರನ್ನು ಇಟ್ಟುಕೊಂಡು 4 ಗಂಟೆಯಲ್ಲಿ ಉತ್ತರ ಕೊಡುವುದು ಅಸಾಧ್ಯ. ಎಲ್ಲರಿಗೂ ಮೇಲ್ ಕಳಿಸುವ ಮುಂಚೆ ನಮ್ಮನ್ನು ಒಂದು ಮಾತು ಕೇಳಬೇಕಿತ್ತು. ಈಗಿನ ಕ್ರಮವೇ ಮುಂದುವರಿಯಲಿ.

ಉತ್ತರ: ಇಂಥ ಮೇಲನ್ನು ತಿದ್ದಲು ಕೂತವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಮೇಲೆ ‘ನಿಮ್ಮ ಪ್ರಸ್ತಾವನೆ ತುಂಬಾ ಚೆನ್ನಾಗಿದೆ’ ಎಂದು ಸೇರಿಸುತ್ತಾರೆ, ಕೆಳಗೆ ‘ದಯವಿಟ್ಟು ಅನ್ಯಥಾ ಭಾವಿಸಬೇಡಿ’ ಎಂದು ಮುಗಿಸುತ್ತಾರೆ, ನಡುವಿನದು ಹಾಗೇ ಉಳಿಯುತ್ತದೆ. ಓದುವವರ ಕಣ್ಣು ಹೋಗಿ ನಿಲ್ಲುವುದು ಆ ನಡುವಿನ ಸಾಲುಗಳ ಮೇಲೇ. ಮೇಲಿನ ಹೊಗಳಿಕೆ ನಾಟಕದಂತೆ ಕಾಣುತ್ತದೆ, ಕೆಳಗಿನ ಕೋರಿಕೆಯಂತೂ ಅನ್ಯಥಾ ಭಾವಿಸಲು ಏನೋ ಇದೆ ಎಂದು ಬೆರಳು ತೋರಿಸುತ್ತದೆ.

ಅದಕ್ಕೇ ಮೊದಲು ಎಲ್ಲಿ ನೋಯುತ್ತದೆ ಎಂದು ಹುಡುಕೋಣ. ‘ಇದು ಆಗುವ ಕೆಲಸವಲ್ಲ’ ಎಂಬ ಸಾಲು ಒರಟಾಗಿದೆ, ನಿಜ. ಆದರೆ ಅದು ಹೇಳುತ್ತಿರುವುದು ಪ್ರಸ್ತಾವನೆಯ ಬಗ್ಗೆ. ನಿಜವಾಗಿ ಚುಚ್ಚುವುದು ಬೇರೆ ಎರಡು ಸಾಲುಗಳು: ‘ನಿಮಗೆ ಗೊತ್ತಿದ್ದಂತಿಲ್ಲ’ ಮತ್ತು ‘ಕೇಳಬೇಕಿತ್ತು’. ಇವೆರಡೂ ಪ್ರಸ್ತಾವನೆಯನ್ನು ಬಿಟ್ಟು ಅದನ್ನು ಕಳಿಸಿದ ವ್ಯಕ್ತಿಯ ತಿಳಿವಳಿಕೆ ಮತ್ತು ನಡವಳಿಕೆಯ ಮೇಲೆ ತೀರ್ಪು ಕೊಡುತ್ತಿವೆ, ಅದೂ ಅವರ ಮ್ಯಾನೇಜರ್ ಕಣ್ಣೆದುರಿಗೆ. ಪ್ರಸ್ತಾವನೆ ಬಿದ್ದುಹೋದದ್ದನ್ನು ಒಂದು ವಾರದಲ್ಲಿ ಮರೆಯುವ ಜನ, ಮ್ಯಾನೇಜರ್ ಎದುರು ತಮ್ಮನ್ನು ತಿಳಿಗೇಡಿ ಮಾಡಿದ್ದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ಅಂದರೆ ಈ ಆರು ಸಾಲಿನ ಮೇಲಿನಲ್ಲಿ ಮೂರು ವಿಷಯ ಸಿಕ್ಕಿಕೊಂಡಿವೆ: ನಿರ್ಧಾರ, ಅದರ ಕಾರಣ, ಮತ್ತು ತಮ್ಮನ್ನು ಕೇಳದೆ ಎಲ್ಲರಿಗೂ ಕಳಿಸಿದರು ಎಂಬ ಅಸಮಾಧಾನ. ಮೇಲನ್ನು ಮೃದು ಮಾಡುವುದೆಂದರೆ ನನ್ನ ಲೆಕ್ಕದಲ್ಲಿ ಈ ಮೂರನ್ನು ಬಿಡಿಸುವುದು. ನಿರ್ಧಾರ ಗಟ್ಟಿಯಾಗಿಯೇ ಉಳಿಯಬೇಕು. ಕಾರಣ ಈಗಿರುವುದಕ್ಕಿಂತ ಖಚಿತವಾಗಬೇಕು. ಅಸಮಾಧಾನ ಈ ಮೇಲಿನಿಂದ ಪೂರ್ತಿ ಹೊರಗೆ ಹೋಗಬೇಕು. ಅದು ನ್ಯಾಯವಾದದ್ದೇ ಇರಬಹುದು, ಆದರೆ ಅದರ ಜಾಗ ಇಬ್ಬರೇ ಕೂತು ಆಡುವ ಮಾತಿನಲ್ಲಿ.

ಮೂರರಲ್ಲಿ ಹೆಚ್ಚು ಕೆಲಸ ಬೇಡುವುದು ಕಾರಣ. ‘ಹೊರೆ ಜಾಸ್ತಿ, ಜನ ಕಡಿಮೆ’ ಎಂಬುದು ಯಾವ ವಿಭಾಗದವರು ಬೇಕಾದರೂ ಯಾವ ಪ್ರಸ್ತಾವನೆಗೆ ಬೇಕಾದರೂ ಹೇಳಬಹುದಾದ ಮಾತು. ಎದುರಿನವರಿಗೆ ಅದು ‘ಇವರಿಗೆ ಮನಸ್ಸಿಲ್ಲ’ ಎಂದೇ ಕೇಳಿಸುತ್ತದೆ. ಹಾಗಾಗಿ ಅಡ್ಡಿ ನಿಜವಾಗಿ ಎಲ್ಲಿದೆ ಎಂದು ಲೆಕ್ಕ ಹಾಕಿ ನೋಡಬೇಕು. ಉದಾಹರಣೆಗೆ, ದಿನಕ್ಕೆ 90 ದೂರು ಬರುತ್ತವೆ, ತಂಡ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಇರುತ್ತದೆ, 90ರಲ್ಲಿ 30 ದೂರು ಬರುವುದು ಸಂಜೆ 6ರ ನಂತರ ಎಂದಿಟ್ಟುಕೊಳ್ಳಿ. ಸಂಜೆ 7ಕ್ಕೆ ಬಂದ ದೂರಿನ ಗಡುವು ರಾತ್ರಿ 11ಕ್ಕೆ ಮುಗಿಯುತ್ತದೆ, ಆಗ ಉತ್ತರ ಕೊಡಲು ಯಾರೂ ಇಲ್ಲ. ಹಗಲಲ್ಲಿ ತಂಡ ಎಷ್ಟೇ ಚುರುಕಾಗಿ ಕೆಲಸ ಮಾಡಿದರೂ ಇಂಥ ದೂರುಗಳು ಗಡುವು ಮೀರುತ್ತಲೇ ಇರುತ್ತವೆ. ಅಡ್ಡಿಯಾಗಿರುವುದು ರಾತ್ರಿ ಪಾಳಿ ಇಲ್ಲದಿರುವುದು ಎಂದು ಈಗ ಸ್ಪಷ್ಟವಾಯಿತು. ಈ ಕಾರಣವನ್ನು ಮಾರಾಟ ವಿಭಾಗದವರು ತಾವೇ ಪರೀಕ್ಷಿಸಿ ನೋಡಬಹುದು. ಅವರ ತಿಳಿವಳಿಕೆಯ ಬಗ್ಗೆ ಒಂದು ಮಾತನ್ನೂ ಆಡುವ ಅಗತ್ಯ ಉಳಿಯುವುದಿಲ್ಲ.

ಖಚಿತವಾದ ಕಾರಣದಿಂದ ಇನ್ನೊಂದು ಲಾಭವಿದೆ. ಯಾವುದಕ್ಕೆ ‘ಇಲ್ಲ’ ಎನ್ನುತ್ತಿದ್ದೇವೆ ಎಂಬುದು ಚಿಕ್ಕದಾಗುತ್ತದೆ. ಎಲ್ಲ ದೂರಿಗೂ, ದಿನದ 24 ಗಂಟೆಯೂ, 4 ಗಂಟೆಯ ಗಡುವು ಸಾಧ್ಯವಿಲ್ಲ. ಹಗಲಿನ ಕೆಲವು ದೂರುಗಳಿಗೆ ಸಾಧ್ಯವೇ? ಇದನ್ನು ಬರೆಯುವ ಮುಂಚೆ ಸಹೋದ್ಯೋಗಿಗೆ ಒಂದು ಫೋನ್ ಮಾಡಿ. ‘ಉತ್ತರ ಬರೆಯುತ್ತಿದ್ದೇನೆ, ಅದಕ್ಕೆ ಮುಂಚೆ ಒಂದು ವಿಷಯ ತಿಳಿಯಬೇಕಿತ್ತು: ಯಾವ ಗ್ರಾಹಕರಿಂದ ಈ ಒತ್ತಡ ಬರುತ್ತಿದೆ?’ ಎಂದು ಕೇಳಿ. ಪ್ರಸ್ತಾವನೆಯ ಹಿಂದೆ ಹೆಚ್ಚಾಗಿ ಒಂದೋ ಎರಡೋ ನಿರ್ದಿಷ್ಟ ಕಹಿ ಅನುಭವ ಇರುತ್ತದೆ. ಒಪ್ಪಂದ ನವೀಕರಣದ ಹೊತ್ತಿನಲ್ಲಿ ಯಾರೋ ದೊಡ್ಡ ಗ್ರಾಹಕರ ದೂರು ಒಂದು ದಿನ ಪೂರ್ತಿ ಉತ್ತರವಿಲ್ಲದೆ ಬಿದ್ದಿದ್ದಿರಬಹುದು. ಅದು ಗೊತ್ತಾದರೆ ನಿಮ್ಮ ‘ಇಲ್ಲ’ದ ಪಕ್ಕದಲ್ಲಿ ಇಡಲು ನಿಜವಾದ ಏನಾದರೂ ಸಿಗುತ್ತದೆ. ನಿರ್ಧಾರವನ್ನೂ ಅದೇ ಕರೆಯಲ್ಲಿ ಬಾಯಿಮಾತಲ್ಲಿ ಹೇಳಿಬಿಡಿ. ಆಗ ಮೇಲ್ ತಲುಪಿದಾಗ ಅವರಿಗೆ ಅದು ಹೊಸ ಸುದ್ದಿಯಾಗಿರುವುದಿಲ್ಲ.

ಫೋನ್ ಮಾಡಿದ ಮೇಲೆ ಬರೆಯುವ ಮೇಲ್ ಹೀಗಿರಬಹುದು:

> ನಮಸ್ಕಾರ,
>
> ಪ್ರಸ್ತಾವನೆ ಪೂರ್ತಿ ಓದಿದೆ. ನಿನ್ನೆ ಫೋನಿನಲ್ಲಿ ನೀವು ಹೇಳಿದ ನವೀಕರಣದ ಪ್ರಸಂಗದಿಂದ ಇದು ಯಾಕೆ ತುರ್ತು ಎಂಬುದೂ ಅರ್ಥವಾಯಿತು.
>
> ಎಲ್ಲ ದೂರುಗಳಿಗೆ 4 ಗಂಟೆಯ ಗಡುವನ್ನು ನಾನು ಈಗ ಒಪ್ಪಿಕೊಳ್ಳಲಾರೆ. ದಿನಕ್ಕೆ ಬರುವ ಸುಮಾರು 90 ದೂರುಗಳಲ್ಲಿ 30 ಸಂಜೆ 6ರ ನಂತರ ಬರುತ್ತವೆ, ಆ ಹೊತ್ತಿಗೆ ನಮ್ಮಲ್ಲಿ ಪಾಳಿ ಇಲ್ಲ. ಗಡುವು ಘೋಷಿಸಿದರೆ ಅದನ್ನು ದಿನವೂ ಮುರಿಯುತ್ತೇವೆ, ಗ್ರಾಹಕರ ಎದುರು ಅದನ್ನು ವಿವರಿಸುವ ಕಷ್ಟ ನಿಮ್ಮ ತಂಡದ ಮೇಲೆ ಬೀಳುತ್ತದೆ.
>
> ನವೀಕರಣಕ್ಕೆ ಬಂದಿರುವ ಗ್ರಾಹಕರ ಪಟ್ಟಿಯನ್ನು ನೀವು ಪ್ರತಿ ಸೋಮವಾರ ಕಳಿಸಿದರೆ, ಅವರಿಂದ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರೊಳಗೆ ಬಂದ ದೂರುಗಳಿಗೆ 4 ಗಂಟೆಯೊಳಗೆ ಉತ್ತರ ಕೊಡುತ್ತೇವೆ. ಮುಂದಿನ ಸೋಮವಾರದಿಂದ ನಾಲ್ಕು ವಾರ ನಡೆಸಿ, ನಂತರ ಇಬ್ಬರೂ ಕೂತು ಅಂಕಿಗಳನ್ನು ನೋಡೋಣ. ಉಳಿದ ದೂರುಗಳಿಗೆ 24 ಗಂಟೆಯ ಕ್ರಮವೇ ಇರುತ್ತದೆ.

ಇದರಲ್ಲಿ ಹೊಗಳಿಕೆ ಇಲ್ಲ. ಕ್ಷಮೆ ಕೇಳಿದ್ದೂ ಇಲ್ಲ. ಮೊದಲ ಎರಡು ಸಾಲು, ಓದಿದ್ದೇನೆ ಮತ್ತು ನಿಮ್ಮ ಮಾತು ಕೇಳಿಸಿಕೊಂಡಿದ್ದೇನೆ ಎಂಬುದಕ್ಕೆ ಸಾಕ್ಷಿ ಒದಗಿಸುತ್ತವೆ. ಫೋನಿನಲ್ಲಿ ತಿಳಿದ ಒಂದು ವಿವರವನ್ನು ಹೆಸರಿಸಿದ್ದರಿಂದಲೇ ಆ ಸಾಕ್ಷಿಗೆ ಬೆಲೆ ಬಂದಿದೆ. ‘ನಾನು ಒಪ್ಪಿಕೊಳ್ಳಲಾರೆ’ ಎಂಬಲ್ಲಿ ನಿರ್ಧಾರಕ್ಕೆ ಒಬ್ಬ ಒಡೆಯ ಇದ್ದಾರೆ. ನಿರ್ಧಾರ ನಿಮ್ಮದೇ ಆಗಿದ್ದಾಗ ‘ಮೇಲಿನವರು ಒಪ್ಪುವುದಿಲ್ಲ’ ಎಂದು ಇನ್ನೊಬ್ಬರ ಹೆಗಲಿಗೆ ದಾಟಿಸಬೇಡಿ. ಆ ಮೇಲಿನವರನ್ನು ಸಹೋದ್ಯೋಗಿ ನೇರವಾಗಿ ಹೋಗಿ ಕೇಳಿದ ದಿನ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಇನ್ನು ಕೊನೆಯ ಭಾಗದ ಬದಲಿ ಏರ್ಪಾಡು. ನಿಜವಾಗಿ ಮಾಡುವಿರಾದರೆ ಮಾತ್ರ ಅದನ್ನು ಬರೆಯಿರಿ. ಮಾಡುವ ಉದ್ದೇಶವಿಲ್ಲದೆ ಸಮಾಧಾನಕ್ಕಾಗಿ ಕೊಟ್ಟ ಬದಲಿ, ನೇರ ನಿರಾಕರಣೆಗಿಂತ ಹೆಚ್ಚು ಹಾನಿ ಮಾಡುತ್ತದೆ. ಕೊಡಲು ಏನೂ ಇಲ್ಲದಿದ್ದರೆ ಕಾರಣದ ಪ್ಯಾರಾಕ್ಕೇ ನಿಲ್ಲಿಸಿ, ಯಾವ ಪರಿಸ್ಥಿತಿ ಬದಲಾದರೆ ಮತ್ತೆ ಯೋಚಿಸಬಹುದು ಎಂದು ಒಂದು ಸಾಲು ಸೇರಿಸಿದರೆ ಸಾಕು.

ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ನಾವು ಬರೆದದ್ದನ್ನು ಓದುವಾಗ ನಮ್ಮ ತಲೆಯೊಳಗೆ ನಮ್ಮದೇ ದನಿ ಕೇಳಿಸುತ್ತಿರುತ್ತದೆ, ಓದುವವರಿಗೆ ಆ ದನಿ ಕೇಳಿಸುವುದಿಲ್ಲ. ಇಮೇಲಿನಲ್ಲಿ ತಮ್ಮ ಧಾಟಿ ಎದುರಿನವರಿಗೆ ಎಷ್ಟರಮಟ್ಟಿಗೆ ತಲುಪುತ್ತದೆ ಎಂಬುದನ್ನು ಬರೆಯುವವರು ಇರುವುದಕ್ಕಿಂತ ಹೆಚ್ಚಾಗಿ ಅಂದಾಜು ಮಾಡುತ್ತಾರೆ ಎಂದು ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಆದ್ದರಿಂದ ನಿಮ್ಮ ಮೇಲನ್ನು ಬೇಕೆಂದೇ ಸಿಡುಕಿನ ದನಿಯಲ್ಲಿ ಗಟ್ಟಿಯಾಗಿ ಓದಿ. ಯಾವ ಸಾಲು ಆ ದನಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೋ ಅದನ್ನು ತಿದ್ದಿ. ಮೊದಲ ಕರಡಿನಲ್ಲಿ ‘ಕೇಳಬೇಕಿತ್ತು’ ಥಟ್ಟನೆ ಸಿಕ್ಕಿಬೀಳುತ್ತದೆ. ‘30 ದೂರುಗಳು ಸಂಜೆ 6ರ ನಂತರ ಬರುತ್ತವೆ’ ಎಂಬುದನ್ನು ಎಷ್ಟು ಸಿಡುಕಿ ಓದಿದರೂ ಅದು ಬರೀ ಮಾಹಿತಿಯಾಗಿಯೇ ಉಳಿಯುತ್ತದೆ.

ಸಿಸಿಯ ವಿಷಯ. ಸಹೋದ್ಯೋಗಿ ಮ್ಯಾನೇಜರ್‌ಗಳನ್ನು ಸೇರಿಸಿದ್ದಾರೆ ಎಂದು ನೀವೂ ತಕ್ಷಣ ರಿಪ್ಲೈ ಆಲ್ ಒತ್ತಬೇಡಿ. ಹಾಗೆಂದು ಮ್ಯಾನೇಜರ್‌ಗಳನ್ನು ಸದ್ದಿಲ್ಲದೆ ಕೈಬಿಟ್ಟರೂ ಗೊಂದಲ, ಅವರು ಉತ್ತರ ಕಾಯುತ್ತಿರುತ್ತಾರೆ. ಮೇಲಿನ ಉದ್ದದ ಮೇಲ್ ಸಹೋದ್ಯೋಗಿಗೆ ಮಾತ್ರ ಹೋಗಲಿ. ಅವರು ಓದಿದ್ದಾರೆ ಎಂದು ಗೊತ್ತಾದ ಮೇಲೆ ಎಲ್ಲರಿಗೂ ಎರಡು ಸಾಲು ಸಾಕು: ‘ನಾವಿಬ್ಬರೂ ಮಾತಾಡಿದ್ದೇವೆ. ಎಲ್ಲ ದೂರುಗಳಿಗೆ 4 ಗಂಟೆಯ ಗಡುವು ಈಗ ಜಾರಿಗೆ ಬರುವುದಿಲ್ಲ, ನವೀಕರಣದ ಗ್ರಾಹಕರಿಗೆ ಹಗಲಿನ ವೇಳೆಯಲ್ಲಿ ನಾಲ್ಕು ವಾರ ಪ್ರಯೋಗ ಮಾಡುತ್ತೇವೆ.’ ಈ ಎರಡು ಸಾಲನ್ನು ಸಹೋದ್ಯೋಗಿಯೇ ಕಳಿಸಲು ಒಪ್ಪಿದರೆ ಇನ್ನೂ ಒಳ್ಳೆಯದು.

ಮೃದುತ್ವ ಅತಿಯಾಗುವ ಅಪಾಯವೂ ಇದೆ, ಒರಟುತನದಷ್ಟೇ ದೊಡ್ಡದು. ‘ಸದ್ಯಕ್ಕೆ ಸ್ವಲ್ಪ ಕಷ್ಟವಾಗಬಹುದೇನೋ, ನೋಡೋಣ’ ಎಂದು ಬರೆದರೆ ಮಾರಾಟ ವಿಭಾಗದವರು ಅದನ್ನು ಅರ್ಧ ಒಪ್ಪಿಗೆ ಎಂದುಕೊಂಡು ಗ್ರಾಹಕರಿಗೆ ಮಾತು ಕೊಟ್ಟುಬಿಡಬಹುದು. ಆಮೇಲೆ ಹೇಳುವ ‘ಇಲ್ಲ’ ಮಾತು ತಪ್ಪಿದಂತೆ ಕಾಣುತ್ತದೆ. ಅವರ ಮರುತ್ತರದಲ್ಲಿ ಇದು ತಿಳಿಯುತ್ತದೆ. ‘ಸರಿ, ಹಾಗಾದರೆ ಯಾವಾಗಿಂದ ಶುರು ಮಾಡೋಣ?’ ಎಂದು ಬಂದರೆ ನಿಮ್ಮ ನಿರ್ಧಾರ ಅವರಿಗೆ ಮುಟ್ಟಿಲ್ಲ, ಅದೇ ದಿನ ಸ್ಪಷ್ಟಪಡಿಸಿ. ಅಂಕಿಗಳನ್ನು ಪ್ರಶ್ನಿಸಿ ಉತ್ತರ ಬಂದರೆ ಅದನ್ನು ಜಗಳ ಎಂದುಕೊಳ್ಳಬೇಡಿ. ಅವರು ನಿಮ್ಮ ಕಾರಣವನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂದರ್ಥ.

ಎಲ್ಲ ನಿರಾಕರಣೆಗೂ ಇಷ್ಟು ತಯಾರಿ ಬೇಕಿಲ್ಲ. ಪ್ರಸ್ತಾವನೆ ನಿಯಮಬಾಹಿರವಾಗಿದ್ದರೆ, ಅಥವಾ ಯಾರದೋ ಸುರಕ್ಷತೆಗೆ ಧಕ್ಕೆ ತರುವಂತಿದ್ದರೆ, ಚುಟುಕಾಗಿ ಬರೆದ ನೇರ ‘ಇಲ್ಲ’ವೇ ಸರಿ. ಅಲ್ಲಿ ಬದಲಿ ಏರ್ಪಾಡು ಹುಡುಕುತ್ತ ಕೂರುವುದು ಚೌಕಾಸಿಗೆ ಜಾಗವಿದೆ ಎಂಬ ಭಾವನೆ ಹುಟ್ಟಿಸುತ್ತದೆ.

ಖಾರದ ಮೇಲ್ ಆಗಲೇ ಹೋಗಿಬಿಟ್ಟಿದ್ದರೆ? ಅದೇ ದಿನ ಫೋನ್ ಮಾಡಿ. ಕ್ಷಮೆ ಕೇಳುವಾಗ ಅದರ ಜೊತೆಗೆ ನಿರ್ಧಾರವನ್ನೂ ಹಿಂತೆಗೆದುಕೊಳ್ಳಬೇಡಿ: ‘ನಿಮಗೆ ಗೊತ್ತಿದ್ದಂತಿಲ್ಲ ಎಂದು ಎಲ್ಲರೆದುರು ಬರೆದದ್ದು ತಪ್ಪಾಯಿತು. ಗಡುವಿನ ಬಗ್ಗೆ ನನ್ನ ಅಭಿಪ್ರಾಯ ಅದೇ ಇದೆ, ಕಾರಣವನ್ನು ಸರಿಯಾಗಿ ಬರೆದು ಕಳಿಸುತ್ತೇನೆ.’ ಮಾತು ಎಲ್ಲರೆದುರು ಹೋಗಿದ್ದರಿಂದ ತಿದ್ದುಪಡಿಯೂ ಅದೇ ಸಿಸಿ ಪಟ್ಟಿಗೆ ಹೋಗಬೇಕು, ಒಂದೇ ಸಾಲಿನಲ್ಲಿ. ನಿಮ್ಮನ್ನು ಕೇಳದೆ ಪ್ರಸ್ತಾವನೆ ಕಳಿಸಿದ ವಿಷಯವನ್ನು ಆ ಕರೆಯಲ್ಲಿ ಎತ್ತಬೇಡಿ. ನಾಲ್ಕು ವಾರ ಕಳೆದು ಪ್ರಯೋಗದ ಅಂಕಿಗಳನ್ನು ಇಬ್ಬರೂ ನೋಡುತ್ತಿರುವಾಗ, ‘ಮುಂದಿನ ಸಲ ಇಂಥದ್ದನ್ನು ಕಳಿಸುವ ಮುಂಚೆ ನನಗೊಂದು ಫೋನ್ ಮಾಡಿ, ಅಂಕಿಗಳನ್ನು ಮೊದಲೇ ಕೊಡುತ್ತೇನೆ’ ಎಂದು ಹೇಳಬಹುದು.