ಕಂಪನಿ ಮೇಲೆ ಕೇಸ್ ಬಿದ್ದಾಗ: ಪ್ರಾವಿಷನ್ನೋ, ಟಿಪ್ಪಣಿಯೋ?

ಕಂಪನಿಯ ಮೇಲೆ ಯಾರೋ ಕೇಸ್ ಹಾಕಿ ದೊಡ್ಡ ಮೊತ್ತದ ಪರಿಹಾರ ಕೇಳಿದ್ದಾರೆ. ತೀರ್ಪು ಯಾವಾಗ ಬರುತ್ತದೋ ಗೊತ್ತಿಲ್ಲ. ಆದರೆ ವರ್ಷದ ಲೆಕ್ಕ ಅಷ್ಟರವರೆಗೆ ಕಾಯುವುದಿಲ್ಲ. ಆಗ ಅಕೌಂಟ್ಸ್ ವಿಭಾಗದಲ್ಲಿ ಏಳುವ ಪ್ರಶ್ನೆ ಇದು: ಈ ಕೇಸಿಗಾಗಿ ಪ್ರಾವಿಷನ್ ಮಾಡಬೇಕಾ, ಅಥವಾ ಕಂಟಿಂಜೆಂಟ್ ಲಯಬಿಲಿಟಿ ಅಂತ ಟಿಪ್ಪಣಿಯಲ್ಲಿ ಹೇಳಿದರೆ ಸಾಕಾ? ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳಲ್ಲಿ ಇದಕ್ಕೆ ಉತ್ತರ ಇರುವುದು ಐಎಎಸ್ 37ರಲ್ಲಿ.

ಪ್ರಾವಿಷನ್ ಅಂದರೆ ಹಣವನ್ನು ಬೇರೆ ಖಾತೆಯಲ್ಲಿ ತೆಗೆದಿಡುವುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಅದೊಂದು ಸಾಲದಂಥ ಹೊಣೆ. ಎಷ್ಟು ಕೊಡಬೇಕು ಅಥವಾ ಯಾವಾಗ ಕೊಡಬೇಕು ಅನ್ನುವುದು ಮಾತ್ರ ಖಚಿತವಿರುವುದಿಲ್ಲ. ಪ್ರಾವಿಷನ್ ಮಾಡಿದರೆ ಆ ಮೊತ್ತ ಈ ವರ್ಷದ ಖರ್ಚಾಗಿ ಲಾಭವನ್ನು ಇಳಿಸುತ್ತದೆ, ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಯಾಗಿ ಕೂರುತ್ತದೆ. ಕಂಟಿಂಜೆಂಟ್ ಲಯಬಿಲಿಟಿ ಆದರೆ ಲಾಭಕ್ಕೂ ಬ್ಯಾಲೆನ್ಸ್ ಶೀಟಿಗೂ ಏನೂ ಆಗುವುದಿಲ್ಲ. ಲೆಕ್ಕಪತ್ರದ ಹಿಂದೆ ಬರುವ ಟಿಪ್ಪಣಿಗಳಲ್ಲಿ ವಿವರ ಇರುತ್ತದೆ, ಅಷ್ಟೇ. ಹಾಗಾಗಿ ಬಹುತೇಕ ಮ್ಯಾನೇಜ್‌ಮೆಂಟ್‌ಗಳಿಗೆ ಟಿಪ್ಪಣಿಯೇ ಇಷ್ಟ. ಆಡಿಟರ್ ಜೊತೆ ಜಗಳ ಶುರುವಾಗುವುದೂ ಇಲ್ಲೇ.

ಪ್ರಾವಿಷನ್ ಮಾಡಲು ಮೂರು ಸಂಗತಿಗಳು ಒಟ್ಟಿಗೆ ಇರಬೇಕು. ನಡೆದುಹೋದ ಒಂದು ಘಟನೆಯಿಂದ ಈಗಲೇ ಹೊಣೆ ಹುಟ್ಟಿರಬೇಕು. ಅದನ್ನು ತೀರಿಸಲು ಹಣ ಹೊರಗೆ ಹೋಗುವ ಸಾಧ್ಯತೆ, ಹೋಗದಿರುವ ಸಾಧ್ಯತೆಗಿಂತ ಜಾಸ್ತಿ ಇರಬೇಕು. ಮೊತ್ತವನ್ನು ನಂಬಬಹುದಾದ ರೀತಿಯಲ್ಲಿ ಅಂದಾಜು ಮಾಡಲು ಆಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಟಿಪ್ಪಣಿ. ಹಣ ಹೋಗುವ ಸಾಧ್ಯತೆ ತೀರಾ ದೂರದ್ದಾದರೆ ಅದೂ ಬೇಡ.

ಕೋರ್ಟ್ ಕೇಸಿನಲ್ಲಿ ಕಷ್ಟ ಕೊಡುವುದು ಮೊದಲನೆಯದೇ. ಕಂಪನಿ ‘ನಮ್ಮದೇನೂ ತಪ್ಪಿಲ್ಲ, ನಾವು ಹೋರಾಡುತ್ತೇವೆ’ ಅನ್ನುತ್ತದೆ. ಹೋರಾಡುವುದು ಕಂಪನಿಯ ಹಕ್ಕು, ಆದರೆ ಅದರಿಂದ ಲೆಕ್ಕದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಿಕ್ಕಿರುವ ಎಲ್ಲ ಸಾಕ್ಷ್ಯ, ವಕೀಲರ ಅಭಿಪ್ರಾಯ, ತಜ್ಞರ ವರದಿ ಇವನ್ನೆಲ್ಲ ಇಟ್ಟು ನೋಡಿದಾಗ, ವರ್ಷದ ಕೊನೆಯ ದಿನ ಹೊಣೆ ಇತ್ತು ಅನ್ನುವ ಕಡೆಗೆ ತಕ್ಕಡಿ ವಾಲುತ್ತದಾ? ಮಾನದಂಡ ಕೇಳುವುದು ಇಷ್ಟನ್ನೇ. ಕೇಸ್ ದಾಖಲಾದ ತಾರೀಖು ಕೂಡ ಇಲ್ಲಿ ಮುಖ್ಯವಲ್ಲ. ಘಟನೆ ಈ ವರ್ಷ ನಡೆದು, ಕೇಸ್ ಮುಂದಿನ ವರ್ಷ ಬಿದ್ದರೂ, ಯೋಚಿಸಬೇಕಾದದ್ದು ಈ ವರ್ಷದ ಲೆಕ್ಕದಲ್ಲೇ.

ಒಂದು ಉದಾಹರಣೆ ನೋಡೋಣ. ಒಂದು ಕಂಪನಿ ಹೀಟರ್ ತಯಾರಿಸುತ್ತದೆ. ಅದರ ಹೀಟರ್ ಇಟ್ಟಿದ್ದ ಗೋದಾಮಿಗೆ ಬೆಂಕಿ ಬಿತ್ತು. ಗೋದಾಮಿನ ಮಾಲೀಕರು 5 ಕೋಟಿ ಕೇಳಿ ಕೇಸ್ ಹಾಕಿದರು. ಅದರಲ್ಲಿ 2 ಕೋಟಿ ಸುಟ್ಟುಹೋದ ಸರಕಿನ ಬೆಲೆ, ಇದಕ್ಕೆ ಬಿಲ್ಲುಗಳಿವೆ. ಉಳಿದ 3 ಕೋಟಿ, ವ್ಯಾಪಾರ ನಿಂತು ಕೈತಪ್ಪಿದ ಲಾಭ.

ಮೊದಲ ವರ್ಷದ ಕೊನೆಗೆ ಬೆಂಕಿಯ ಕಾರಣವೇ ಗೊತ್ತಾಗಿಲ್ಲ. ಗೋದಾಮಿನ ವೈರಿಂಗ್ ಹಳೆಯದು, ತಪ್ಪು ಅಲ್ಲೇ ಇರಬಹುದು ಅನ್ನುವ ಸಾಕ್ಷ್ಯ ಇದೆ. ಕಂಪನಿ ಸೋಲುವ ಸಾಧ್ಯತೆ ಶೇ 30 ಅನ್ನುತ್ತಾರೆ ವಕೀಲರು. ಇಲ್ಲಿ ಕೆಲವರು 5 ಕೋಟಿಗೆ ಶೇ 30 ಹಾಕಿ 1.5 ಕೋಟಿ ಪ್ರಾವಿಷನ್ ಮಾಡಲು ಹೊರಡುತ್ತಾರೆ. ಜಾಗರೂಕತೆಯ ಲೆಕ್ಕದಂತೆ ಕಾಣುತ್ತದೆ, ಆದರೆ ತಪ್ಪು. ಸಾಧ್ಯತೆ ಅರ್ಧಕ್ಕಿಂತ ಕಡಿಮೆ ಇದ್ದಾಗ ಪ್ರಾವಿಷನ್ ಪೂರ್ತಿ ಸೊನ್ನೆ. ಶೇ 30 ಅನ್ನುವುದು ತೀರಾ ದೂರದ ಮಾತೂ ಅಲ್ಲ, ಆದ್ದರಿಂದ ಟಿಪ್ಪಣಿ ಬೇಕೇ ಬೇಕು. ಕೇಸ್ ಯಾವುದರ ಬಗ್ಗೆ, ಎಷ್ಟು ಹಣ ಹೋಗಬಹುದು, ಅನಿಶ್ಚಿತತೆ ಎಲ್ಲಿದೆ, ವಿಮೆಯಿಂದ ಏನಾದರೂ ವಾಪಸ್ ಬರಬಹುದಾ, ಇವಿಷ್ಟನ್ನು ಅಲ್ಲಿ ಹೇಳಬೇಕು. ಮೊತ್ತದ ಅಂದಾಜು ಮಾಡಲು ಆಗುವುದೇ ಇಲ್ಲ ಅಂತಾದರೆ ಅದನ್ನೂ ಹೇಳಬೇಕು.

ಎರಡನೇ ವರ್ಷ ಕೋರ್ಟ್ ನೇಮಿಸಿದ ತಜ್ಞರ ವರದಿ ಬಂತು. ಬೆಂಕಿ ಶುರುವಾದದ್ದು ಹೀಟರಿನ ಥರ್ಮೋಸ್ಟಾಟ್‌ನಿಂದ. ಈಗ ಸೋಲುವ ಸಾಧ್ಯತೆ ಶೇ 70 ಅನ್ನುತ್ತಾರೆ ವಕೀಲರು. ಸೋತರೆ ಸರಕಿನ 2 ಕೋಟಿ ಕೊಡಬೇಕಾಗುತ್ತದೆ, ಕೈತಪ್ಪಿದ ಲಾಭವನ್ನು ಎದುರು ಪಕ್ಷ ಸಾಬೀತು ಮಾಡುವುದು ಕಷ್ಟ ಅಂತಲೂ ಹೇಳುತ್ತಾರೆ. ಈಗ ಪ್ರಾವಿಷನ್ 2 ಕೋಟಿ. ಅದರ ಶೇ 70, ಅಂದರೆ 1.4 ಕೋಟಿ ಅಲ್ಲ. ಒಂದೇ ಒಂದು ಕೇಸಿನಲ್ಲಿ 1.4 ಕೋಟಿ ಕೊಡುವ ತೀರ್ಪು ಯಾರೂ ನಿರೀಕ್ಷಿಸುತ್ತಿಲ್ಲ, ಅಲ್ವಾ? ಸಾಧ್ಯತೆಯಿಂದ ಗುಣಿಸುವ ಲೆಕ್ಕ ಸರಿಹೋಗುವುದು ಸಾವಿರಾರು ವಾರಂಟಿ ದೂರುಗಳಂಥ ದೊಡ್ಡ ಗುಂಪಿಗೆ. ಒಂಟಿ ಕೇಸಿಗೆ ಸಾಮಾನ್ಯವಾಗಿ ಅತಿ ಹೆಚ್ಚು ಸಂಭವ ಇರುವ ಮೊತ್ತವೇ ಒಳ್ಳೆಯ ಅಂದಾಜು. ಆದರೆ ಬೇರೆ ಸಾಧ್ಯತೆಗಳೆಲ್ಲ ಅದಕ್ಕಿಂತ ಮೇಲೆಯೇ ಇದ್ದು, ಅವಕ್ಕೂ ತೂಕ ಇದ್ದರೆ, ಅಂದಾಜನ್ನು ಏರಿಸಬೇಕಾಗುತ್ತದೆ. ಉಳಿದ 3 ಕೋಟಿಯ ಬೇಡಿಕೆಯೂ ಮಾಯವಾಗಿಲ್ಲ. ಅದು ತೀರಾ ದೂರದ್ದು ಅನ್ನಿಸದಿದ್ದರೆ ಟಿಪ್ಪಣಿಯಲ್ಲಿ ಉಳಿಯುತ್ತದೆ. ಒಂದೇ ಕೇಸಿನ ಒಂದು ಭಾಗ ಬ್ಯಾಲೆನ್ಸ್ ಶೀಟಿನಲ್ಲಿ, ಇನ್ನೊಂದು ಭಾಗ ಟಿಪ್ಪಣಿಯಲ್ಲಿ ಇರುವುದು ತಪ್ಪಲ್ಲ.

ಇನ್ನು ವಿಮೆ. ಪಾಲಿಸಿ 1.5 ಕೋಟಿವರೆಗೆ ಕೊಡುತ್ತದೆ ಅಂದುಕೊಳ್ಳಿ. ಹಾಗಂತ ಬ್ಯಾಲೆನ್ಸ್ ಶೀಟಿನಲ್ಲಿ 50 ಲಕ್ಷದ ಹೊಣೆ ಮಾತ್ರ ತೋರಿಸುವ ಹಾಗಿಲ್ಲ. ಹೊಣೆ ಪೂರ್ತಿ 2 ಕೋಟಿಯೇ. ವಿಮೆಯ ಹಣ ಬಂದೇ ಬರುತ್ತದೆ ಅನ್ನುವಷ್ಟು ಖಚಿತವಾದಾಗ ಮಾತ್ರ ಅದನ್ನು ಬೇರೆ ಆಸ್ತಿಯಾಗಿ ತೋರಿಸಬಹುದು. ವಿಮಾ ಕಂಪನಿ ‘ಪರಿಶೀಲಿಸುತ್ತಿದ್ದೇವೆ’ ಅಂತ ಬರೆದ ಪತ್ರ ಅದಕ್ಕೆ ಸಾಲದು. ಹೊಣೆಗೆ ಬೇಕಾದ ಅಳತೆಗಿಂತ ಇದು ಎಷ್ಟು ಬಿಗಿ ಅನ್ನುವುದನ್ನು ಗಮನಿಸಿ.

ವರ್ಷ ಮುಗಿದ ಮೇಲೆ, ಲೆಕ್ಕಪತ್ರಕ್ಕೆ ಆಡಳಿತ ಮಂಡಳಿ ಒಪ್ಪಿಗೆ ಕೊಡುವ ಮೊದಲು, ಎರಡೂ ಕಡೆಯವರು 2.2 ಕೋಟಿಗೆ ರಾಜಿ ಮಾಡಿಕೊಂಡರೆ? ಬೆಂಕಿ ಹಿಂದೆಯೇ ಬಿದ್ದಿತ್ತು, ಹೊಣೆ ಹಿಂದೆಯೇ ಇತ್ತು. ರಾಜಿ ಅದನ್ನು ಖಚಿತಪಡಿಸಿತು, ಅಷ್ಟೇ. ಆದ್ದರಿಂದ ಮುಗಿದ ವರ್ಷದ ಪ್ರಾವಿಷನ್ನನ್ನೇ 2.2 ಕೋಟಿಗೆ ತಿದ್ದಬೇಕು. ಮುಂದಿನ ವರ್ಷಕ್ಕೆ ತಳ್ಳುವಂತಿಲ್ಲ.

ನನ್ನ ಮಟ್ಟಿಗೆ, ಇಡೀ ನಿರ್ಧಾರ ನಿಂತಿರುವುದು ವಕೀಲರ ಪತ್ರದ ಮೇಲೆ. ‘ನಮ್ಮ ಕೇಸ್ ಗಟ್ಟಿಯಾಗಿದೆ’ ಅನ್ನುವ ಒಂದು ಸಾಲಿನಿಂದ ಲೆಕ್ಕದವರಿಗೆ ಏನೂ ಸಿಗುವುದಿಲ್ಲ. ಸೋಲುವ ಸಾಧ್ಯತೆ ಗೆಲ್ಲುವುದಕ್ಕಿಂತ ಜಾಸ್ತಿಯಾ, ಸೋತರೆ ಎಷ್ಟರಿಂದ ಎಷ್ಟರವರೆಗೆ, ಯಾವ ಮೊತ್ತ ಹೆಚ್ಚು ಸಂಭವ, ಯಾವಾಗ ಅಂತ ಬಿಡಿಬಿಡಿಯಾಗಿ ಕೇಳಬೇಕು. ಮ್ಯಾನೇಜ್‌ಮೆಂಟ್ ಈಗಾಗಲೇ ರಾಜಿಗೆ ಒಂದು ಮೊತ್ತ ಮುಂದಿಟ್ಟಿದೆಯಾ ಅಂತಲೂ ವಿಚಾರಿಸಬೇಕು. ಒಂದು ಕಡೆ 1 ಕೋಟಿ ಕೊಡುತ್ತೇವೆ ಅಂತ ಪತ್ರ ಬರೆದು, ಇನ್ನೊಂದು ಕಡೆ ಹೊಣೆಯೇ ಇಲ್ಲ ಅಂದರೆ ಆಡಿಟರ್ ಒಪ್ಪುವುದು ಕಷ್ಟ.

‘ಎಲ್ಲ ಬರೆದರೆ ಎದುರಿನ ವಕೀಲರಿಗೆ ನಮ್ಮ ಅಂದಾಜು ಗೊತ್ತಾಗಿಬಿಡುತ್ತದೆ’ ಅನ್ನುವ ಭಯವೂ ಇರುತ್ತದೆ. ಅದು ಸುಳ್ಳು ಭಯವಲ್ಲ. ವಿವರ ಹೊರಬಿದ್ದರೆ ಕಂಪನಿಯ ಕೇಸಿಗೆ ಗಂಭೀರ ಹಾನಿ ಆಗುತ್ತದೆ ಅನ್ನುವ ತೀರಾ ಅಪರೂಪದ ಸಂದರ್ಭದಲ್ಲಿ ಆ ವಿವರ ಬಿಡಲು ಐಎಎಸ್ 37 ಅವಕಾಶ ಕೊಡುತ್ತದೆ. ಆಗಲೂ ವಿವಾದ ಯಾವ ಬಗೆಯದು, ವಿವರ ಯಾಕೆ ಕೊಟ್ಟಿಲ್ಲ ಅನ್ನುವುದನ್ನು ಹೇಳಲೇಬೇಕು. ಈ ರಿಯಾಯಿತಿ ಟಿಪ್ಪಣಿಗೆ ಮಾತ್ರ. ಪ್ರಾವಿಷನ್ ಮಾಡಬೇಕಾದ ಕಡೆ ಮಾಡದಿರಲು ಇದನ್ನು ನೆಪವಾಗಿ ಬಳಸುವಂತಿಲ್ಲ.